ಡ್ಯಾಶ್‌ಬೋರ್ಡ್ ಚುರುಕಾಗಿದೆ, ಆದರೆ ಅಳಿಸಿದ ಸಾಲು ಅಲ್ಲೇ ಉಳಿಯುತ್ತದೆ

ಆದೇಶ, ದಾಸ್ತಾನು, ಬಿಲ್ಲಿಂಗ್ ಎಲ್ಲವನ್ನೂ ನಿಭಾಯಿಸುವ ನಮ್ಮ ಇಆರ್‌ಪಿ ತಂತ್ರಾಂಶಕ್ಕೆ, ಅದರ ಮಾಹಿತಿಯನ್ನು ವರದಿಗಳಿಗಾಗಿ ರಾತ್ರಿ ನಕಲು ಮಾಡಿ ಬೇರೆಯಾಗಿ ಇಡುವ ಡೇಟಾ ವೇರ್‌ಹೌಸ್ ಜೋಡಿಸಿ ಎರಡು ವರ್ಷ ದಾಟಿತು. ರವಾನೆ ವಿಭಾಗದಲ್ಲಿರುವ ನನಗೆ ಅದರ ಡ್ಯಾಶ್‌ಬೋರ್ಡ್ ದಿನನಿತ್ಯದ ಸಂಗಾತಿ.

ಮೊದಲು ತಿಂಗಳ ಕೊನೆಯ ದಾಸ್ತಾನು ವರದಿಯನ್ನು ಇಆರ್‌ಪಿಯಿಂದಲೇ ತೆಗೆಯುತ್ತಿದ್ದರು. ವರದಿ ಶುರುವಾದರೆ ಸಾಕು, ಬಿಲ್ಲಿಂಗ್ ಪರದೆ ಸ್ತಬ್ಧವಾಗುತ್ತಿತ್ತು. ಸರಕು ತುಂಬಿದ ಲಾರಿಗಳು ಬಿಲ್ಲಿಗಾಗಿ ಕಾಯುತ್ತಿದ್ದವು. ಒಂದು ಬಿಲ್ಲಿಗೆ ಡೇಟಾಬೇಸ್ ಕೆಲವೇ ಸಾಲುಗಳನ್ನು ಮುಟ್ಟುತ್ತದೆ. ಆ ವರದಿಗಾದರೋ ವರ್ಷಗಟ್ಟಲೆಯ ವಹಿವಾಟನ್ನು ಪೂರ್ತಿ ಓದಬೇಕು. ಓದುವಾಗ ಲಾಕ್ ಹಾಕುವ ಡೇಟಾಬೇಸ್ ಆಗಿದ್ದರೆ, ಓದಿ ಮುಗಿಯುವವರೆಗೆ ಬರೆಯುವವರು ಕಾಯಬೇಕಾಗಬಹುದು. ಲಾಕ್ ಹಾಕದ ಡೇಟಾಬೇಸ್‌ನಲ್ಲೂ ಅಂಥ ವರದಿ ಡಿಸ್ಕನ್ನು ಆವರಿಸಿಕೊಳ್ಳುತ್ತದೆ; ಬಿಲ್ಲಿಂಗ್‌ಗೆ ಪದೇ ಪದೇ ಬೇಕಾಗುವ ಮಾಹಿತಿಯನ್ನು ಮೆಮೊರಿಯಿಂದ ಹೊರದೂಡುತ್ತದೆ. ಈಗ ಆ ಓದೆಲ್ಲ ವೇರ್‌ಹೌಸ್‌ನಲ್ಲಿ ನಡೆಯುವುದರಿಂದ ತಿಂಗಳ ಕೊನೆಯಲ್ಲೂ ಬಿಲ್ಲಿಂಗ್ ಸರಾಗವಾಗಿದೆ. ಇದೊಂದಕ್ಕೇ ನಾನು ಈ ವ್ಯವಸ್ಥೆಯನ್ನು ಮೆಚ್ಚುತ್ತೇನೆ.

ಬೆಳಿಗ್ಗೆ ಬಂದೊಡನೆ ನಾನು ಮೊದಲು ನೋಡುವುದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ‘ಕೊನೆಯ ನವೀಕರಣ’ದ ಸಮಯವನ್ನು. ರಾತ್ರಿಯ ನಕಲು ಸರಿಯಾಗಿ ಮುಗಿದಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಆಮೇಲೆ ‘ಸಕಾಲಿಕ ರವಾನೆ’ ಸೂಚ್ಯಂಕ. ಕೆಂಪಗಿರುವ ಸಂಖ್ಯೆಯನ್ನು ಒತ್ತಿದರೆ ಗ್ರಾಹಕರು, ಅಲ್ಲಿಂದ ಆದೇಶ, ಅಲ್ಲಿಂದ ತಡವಾದ ಸಾಲು. ಮೂರೇ ಒತ್ತಿಗೆ ತಡವಾದದ್ದು ಯಾವ ಸರಕು ಎಂದು ಗೊತ್ತಾಗುತ್ತದೆ.

ನನ್ನ ತಕರಾರು ಇರುವುದೂ ಇದೇ ಸೂಚ್ಯಂಕದ ಬಗ್ಗೆ. ಐದು ಸಾಲುಗಳ ಒಂದು ಆದೇಶದಲ್ಲಿ ಗ್ರಾಹಕರು ಒಂದು ಸರಕು ಬೇಡವೆಂದರು. ಮಾರಾಟ ವಿಭಾಗ ಆ ಸಾಲನ್ನು ಅಳಿಸಿತು. ಉಳಿದ ನಾಲ್ಕೂ ಸಮಯಕ್ಕೆ ಹೋದವು. ಇಆರ್‌ಪಿಯ ಪ್ರಕಾರ ನಾಲ್ಕಕ್ಕೆ ನಾಲ್ಕು, ಅಂದರೆ ಶೇ. 100. ಡ್ಯಾಶ್‌ಬೋರ್ಡ್ ಮಾತ್ರ ಐದಕ್ಕೆ ನಾಲ್ಕೆಂದು ಶೇ. 80 ತೋರಿಸಿತು. ಪರಿಶೀಲನಾ ಸಭೆಯಲ್ಲಿ ಅದಕ್ಕೆ ಉತ್ತರ ಹೇಳಬೇಕಾದವರು ನಾವು.

ಕಾರಣ ರಾತ್ರಿಯ ನಕಲಿನ ಕ್ರಮದಲ್ಲಿದೆ. ಹಿಂದಿನ ನಕಲಿನ ನಂತರ ಬದಲಾದ ಸಾಲುಗಳನ್ನಷ್ಟೇ ಅದು ತರುತ್ತದೆ. ಅಳಿಸಿದ ಸಾಲು ಮೂಲದಲ್ಲಿ ಇರುವುದೇ ಇಲ್ಲವಾದ್ದರಿಂದ ‘ಬದಲಾದವುಗಳ’ ಪಟ್ಟಿಗೆ ಬರುವುದಿಲ್ಲ. ವೇರ್‌ಹೌಸ್‌ನ ಹಳೆಯ ಪ್ರತಿ ಹಾಗೇ ಉಳಿಯುತ್ತದೆ. ಪತ್ತೆ ಮಾಡುವುದು ಸುಲಭ: ಹಳೆಯ ತಿಂಗಳೊಂದರ ಆದೇಶ ಸಾಲುಗಳ ಎಣಿಕೆಯನ್ನು ಎರಡೂ ಕಡೆ ತೆಗೆದು ಹೋಲಿಸಬೇಕು. ವೇರ್‌ಹೌಸ್‌ನಲ್ಲಿ ಹೆಚ್ಚಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ನಾವು ಪಟ್ಟುಹಿಡಿದ ಮೇಲೆ ತಾಂತ್ರಿಕ ತಂಡ ವಾರಕ್ಕೊಮ್ಮೆ ಎರಡೂ ಕಡೆಯ ಸಾಲು ಸಂಖ್ಯೆಗಳನ್ನು ತಾಳೆ ನೋಡಿ, ಮೂಲದಲ್ಲಿಲ್ಲದವಕ್ಕೆ ‘ರದ್ದು’ ಗುರುತು ಹಾಕುತ್ತಿದೆ. ವಾರದ ನಡುವೆ ಅಳಿಸಿದವು ಆವರೆಗೂ ತಪ್ಪು ತೋರಿಸುತ್ತವೆ. ಡೇಟಾಬೇಸ್‌ನ ಬದಲಾವಣೆ ದಾಖಲೆಯನ್ನೇ ಓದಿದರೆ ಅಳಿಸಿದ್ದೂ ತಿಳಿಯುತ್ತದೆ. ಆದರೆ ಈ ವ್ಯವಸ್ಥೆಯನ್ನು ನಮಗೆ ಮಾರಿದ ಕಂಪನಿಯವರು ಅದನ್ನು ಹೆಚ್ಚುವರಿ ಶುಲ್ಕದ ಸೌಲಭ್ಯವಾಗಿಸಿದ್ದಾರೆ. ನಮ್ಮ ವಿಭಾಗದ ಬಜೆಟ್ಟಿಗೆ ಅದು ನಿಲುಕಲಿಲ್ಲ. ಮೂಲಭೂತ ಸೌಲಭ್ಯಕ್ಕೆ ಬೇರೆ ಹಣ ಕೇಳುವುದು ಸರಿಯಲ್ಲ ಎಂದೇ ಒಂದು ನಕ್ಷತ್ರ ಕಡಿತ: ಐದಕ್ಕೆ ನಾಲ್ಕು.