ಹೆಪಾರಿನ್ ಟ್ಯೂಬಾ, ಸಿಟ್ರೇಟ್ ಟ್ಯೂಬಾ?

ಖಾಲಿ ಗಾಜಿನ ಟ್ಯೂಬಿಗೆ ರಕ್ತ ಹಾಕಿದರೆ ಸುಮಾರು 5ರಿಂದ 10 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ. ಗಾಜು ತಾಗಿದ ಕೂಡಲೇ ರಕ್ತದ ಫ್ಯಾಕ್ಟರ್ 12 ಎಂಬ ಪ್ರೋಟೀನ್ ಎಚ್ಚೆತ್ತು, ಹೆಪ್ಪುಗಟ್ಟುವ ಸರಣಿ ಶುರುವಾಗಿ, ಕೊನೆಗೆ ಹೆಪ್ಪು ಕಟ್ಟಿಸುವ ಥ್ರಾಂಬಿನ್ ಹುಟ್ಟುತ್ತದೆ. ಥ್ರಾಂಬಿನ್ ತಡೆಯುವ ಆಂಟಿಥ್ರಾಂಬಿನ್ ಆ ರಕ್ತದಲ್ಲೂ ಇದೆ, ಅಲ್ವಾ? ಇದೆ. ಆದರೆ ಒಂಟಿಯಾಗಿ ಅದು ಬಹಳ ನಿಧಾನ. ಆರೋಗ್ಯವಂತ ರಕ್ತನಾಳದ ಒಳಪದರದಲ್ಲಿ ಹೆಪರಾನ್ ಸಲ್ಫೇಟ್ ಇರುತ್ತದೆ. ಅದು ಆಂಟಿಥ್ರಾಂಬಿನ್ನನ್ನು ಹಿಡಿದು ಚುರುಕು ಮಾಡುತ್ತದೆ. ಹರಿವು ಕೂಡ ಚೂರುಪಾರು ಥ್ರಾಂಬಿನ್ನನ್ನು ಕೊಚ್ಚಿಕೊಂಡು ಹೋಗುತ್ತದೆ. ಗಾಜಿನಲ್ಲಿ ಇವೆರಡೂ ಇಲ್ಲ.

ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು ರಕ್ತನಾಳದ ಈ ಉಪಾಯವನ್ನೇ ನಕಲು ಮಾಡುತ್ತದೆ. ಥ್ರಾಂಬಿನ್ ವಿರುದ್ಧ ಆಂಟಿಥ್ರಾಂಬಿನ್ನಿನ ವೇಗ ಸುಮಾರು 1000 ಪಟ್ಟು ಏರುತ್ತದೆ. ತುರ್ತಾಗಿ ಪೊಟ್ಯಾಸಿಯಂ ನೋಡಬೇಕಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಹೆಪ್ಪುಗಟ್ಟಲು ಕಾಯಬೇಕಿಲ್ಲ. ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳಿಂದ ಸೋರುವ ಪೊಟ್ಯಾಸಿಯಂ ಕೂಡ ಲೆಕ್ಕ ಕೆಡಿಸುವುದಿಲ್ಲ.

ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಾದರೆ ಹೆಪಾರಿನ್ ಬೇಡವೇ ಬೇಡ. ನಾವು ಅಳೆಯಬೇಕಾದ ಥ್ರಾಂಬಿನ್ನನ್ನೇ ಅದು ಅಡಗಿಸಿಬಿಡುತ್ತದೆ. ನೀಲಿ ಮುಚ್ಚಳದ ಟ್ಯೂಬಿನ ಸಿಟ್ರೇಟ್ ಸರಣಿಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬರೀ ಹಿಡಿದಿಡುತ್ತದೆ. ಲ್ಯಾಬಿನಲ್ಲಿ ಕ್ಯಾಲ್ಸಿಯಂ ವಾಪಸ್ ಹಾಕಿದರೆ ಸರಣಿ ಮತ್ತೆ ಓಡುತ್ತದೆ. ಆದರೆ ಅಳತೆ ಮುಖ್ಯ: 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್. 2.7 ಮಿಲಿ ರಕ್ತ ಬೇಕಾದ ಟ್ಯೂಬಿಗೆ 1.5 ಮಿಲಿ ಮಾತ್ರ ಹಾಕಿದರೆ ಸಿಟ್ರೇಟ್ ಜಾಸ್ತಿಯಾಗಿ, ಸೇರಿಸಿದ ಕ್ಯಾಲ್ಸಿಯಂ ಸಾಲದೆ, ಸಮಯ ಸುಮ್ನೆ ಉದ್ದವಾಗಿ ಕಾಣುತ್ತದೆ. ಅಂಥ ಟ್ಯೂಬನ್ನು ವಾಪಸ್ ಕಳಿಸಿ, ಹೊಸದಾಗಿ ರಕ್ತ ತೆಗೆಸಿ.