ಕನ್ನಡದ ಹೆಸರಿಗೆ ಯಾವ ಅಕ್ಷರಸಂಖ್ಯೆ: ಇಂಗ್ಲಿಷ್ ಪಟ್ಟಿಯೋ, ಕಟಪಯಾದಿಯೋ?

ಸಂಖ್ಯಾಶಾಸ್ತ್ರದಲ್ಲಿ ಹೆಸರಿನ ಪ್ರತಿ ಅಕ್ಷರಕ್ಕೂ ಒಂದು ಅಂಕಿ ಕೊಟ್ಟು, ಒಂದೇ ಅಂಕಿ ಉಳಿಯುವವರೆಗೆ ಕೂಡಿಸುತ್ತಾರೆ. ಲಕ್ಷ್ಮಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಅಕ್ಷರಗಳಿಗೆ ಅಂಕಿ ಕೊಡುವ ಕ್ಯಾಲ್ಡಿಯನ್ ಪಟ್ಟಿಯಲ್ಲಿ Lakshmi ಎಂದು ಬರೆದರೆ 3+1+2+3+5+4+1, ಅಂದರೆ 19. ಕೂಡಿಸುತ್ತಾ ಹೋದರೆ 1. Laxmi ಎಂದರೆ 14, ಕೊನೆಗೆ 5. ಅಂಥದ್ದೇ ಇನ್ನೊಂದಾದ ಪೈಥಾಗೊರಿಯನ್ ಪಟ್ಟಿಯಲ್ಲೂ ಕೊನೆಗೆ ಬರುವುದು ಅದೇ 1 ಮತ್ತು 5. ಹೆಸರು ಒಂದೇ, ಕನ್ನಡದಲ್ಲಿ ಬರೆಯುವುದೂ ಒಂದೇ ರೀತಿ. ಬದಲಾಗಿದ್ದು ಇಂಗ್ಲಿಷ್ ಸ್ಪೆಲಿಂಗ್ ಮಾತ್ರ, ಅಲ್ವಾ?

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮ್ಮ ತ, ಟ ಎರಡೂ ಅಲ್ಲಿ ಎಷ್ಟೋ ಸಲ T ಆಗುತ್ತವೆ. ಲ, ಳ ಎರಡೂ L.

ಅಕ್ಷರಗಳಿಗೆ ಅಂಕಿ ಕೊಡುವ ನಮ್ಮ ಹಳೆಯ ಪದ್ಧತಿಯಾದ ಕಟಪಯಾದಿ ನಮ್ಮ ಅಕ್ಷರಮಾಲೆಯ ಮೇಲೆಯೇ ನಿಂತಿದೆ. ಕ, ಟ, ಪ, ಯ ಇವಕ್ಕೆ 1. ಅಲ್ಲಿಂದ ಸಾಲಾಗಿ ಎಣಿಕೆ. ತ ಅಂದರೆ 6, ಲ 3, ಳ 9. ಞ, ನ ಮತ್ತು ಒಂಟಿ ಸ್ವರಕ್ಕೆ ಸೊನ್ನೆ. ಒತ್ತಕ್ಷರವಿದ್ದರೆ ಕೊನೆಯ ವ್ಯಂಜನ ಮಾತ್ರ ಲೆಕ್ಕಕ್ಕೆ. ಹಾಗಾಗಿ ಲಕ್ಷ್ಮಿಗೆ ಲ 3, ಮ 5. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಿದರೆ 53. ಕರ್ನಾಟಕ ಸಂಗೀತದಲ್ಲಿ ಮೇಚಕಲ್ಯಾಣಿ 65ನೇ ಮೇಳಕರ್ತ ರಾಗ ಎಂದು ಗೊತ್ತಾಗುವುದೂ ಹೀಗೆಯೇ, ಹೆಸರಿನ ಮೊದಲ ಎರಡು ಅಕ್ಷರಗಳಿಂದ: ಮ 5, ಚ 6.

ಇದಕ್ಕೂ ಮಿತಿಯಿದೆ. ಕಾಗುಣಿತಕ್ಕೆ ಬೆಲೆಯಿಲ್ಲದ್ದರಿಂದ ರಾಮ, ರಮಾ ಎರಡಕ್ಕೂ 52. ಜೊತೆಗೆ ಇದು ಅಂಕಿಗಳನ್ನು ಪದದಲ್ಲಿ ನೆನಪಿಡುವ ವಿಧಾನ. 3+5 ಎಂದು ಕೂಡಿಸಿ 8 ಮಾಡುವುದು ಇದರ ನಿಯಮವಲ್ಲ.

ಯಾವ ಲೆಕ್ಕವೂ ಭವಿಷ್ಯ ಹೇಳುತ್ತದೆ ಎಂದು ನಾನು ನಂಬುವುದಿಲ್ಲ. ಆದರೂ ಆಯ್ಕೆ ಮಾಡಲೇಬೇಕಿದ್ದರೆ ಕಟಪಯಾದಿಯನ್ನೇ ಹಿಡಿಯಿರಿ. ಸುಮ್ನೆ ಒಂದು H ಸೇರಿಸಿ ಅಂಕಿ ಬದಲಿಸಲು ಅಲ್ಲಿ ಆಗದು.