ಐದು ಮಾವಿನ ಹಂಗಾಮುಗಳಲ್ಲಿ ವಾಟ್ಸ್ಆಪ್ ಬಿಸಿನೆಸ್: ಒಂದು ರೈತ ಗುಂಪಿನ ಬಳಕೆಯ ಅನುಭವ

ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ರೈತ ಉತ್ಪಾದಕರ ಗುಂಪು ಬಾದಾಮಿ, ರಸಪುರಿ ಮತ್ತು ಮಲ್ಲಿಕಾ ಹಣ್ಣುಗಳನ್ನು ಬೆಂಗಳೂರಿನ ಮನೆಗಳಿಗೆ 3 ಕಿಲೋ ಪೆಟ್ಟಿಗೆಗಳಲ್ಲಿ ನೇರವಾಗಿ ಮಾರುತ್ತದೆ. ತೋತಾಪುರಿ ಎಂದಿನಂತೆ ಮಂಡಿಗೆ, ಅಲ್ಲಿಂದ ರಸ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಮನೆಗಳ ಆರ್ಡರ್ ತೆಗೆದುಕೊಳ್ಳುವ ಕೆಲಸ ಐದು ಹಂಗಾಮುಗಳಿಂದ ನನ್ನ ಪಾಲಿಗಿದ್ದು, ಅದಕ್ಕೆ ನಾನು ಬಳಸುತ್ತಿರುವುದು ವಾಟ್ಸ್ಆಪ್ ಬಿಸಿನೆಸ್. ಇದನ್ನು ಬಳಸಲು ಹಣ ಕೊಡಬೇಕಿಲ್ಲ, ಕೊಳ್ಳುವವರು ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಇವೆರಡು ಕಾರಣಗಳಿಗಾಗಿಯೇ ನಾವು ಇದನ್ನು ಆರಿಸಿಕೊಂಡೆವು.

ಮೊದಲ ವರ್ಷ ನಾನು ಎಡವಿದ್ದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು ಎಂಬುದು ಗೊತ್ತಿತ್ತು, ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ ಎಂಬುದನ್ನು ನಾನು ಗಮನಿಸಿರಲಿಲ್ಲ. ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆದರೆ ಯಾರಿಗೆ ತಲುಪಿದೆ ಎಂಬ ಪಟ್ಟಿ ಕಾಣುತ್ತದೆ. ಎರಡು ದಿನ ಕಳೆದರೂ ಅದರಲ್ಲಿ ಅರ್ಧದಷ್ಟು ಹೆಸರುಗಳೂ ಇಲ್ಲದಿದ್ದಾಗಲೇ ನನಗೆ ವಿಷಯ ತಿಳಿದದ್ದು. ಅಲ್ಲಿಂದ ಮುಂದೆ ಪ್ರತಿ ಪೆಟ್ಟಿಗೆಯೊಳಗೂ ‘ಈ ನಂಬರನ್ನು ಉಳಿಸಿಕೊಳ್ಳಿ, ಮುಂದಿನ ಕೊಯ್ಲಿನ ಸುದ್ದಿ ಇದರಲ್ಲೇ ಬರುತ್ತದೆ’ ಎಂಬ ಚೀಟಿ ಇಟ್ಟೆವು.

ಅದೇ ವರ್ಷ ಒಂದು ದೊಡ್ಡ ಗುಂಪನ್ನೂ ಮಾಡಿದ್ದೆವು. ಸಾಮಾನ್ಯ ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಯಾರೋ ಒಬ್ಬರು ಆ ನಂಬರುಗಳಿಗೆಲ್ಲ ನಿವೇಶನ ಮಾರಲು ಕರೆ ಮಾಡತೊಡಗಿದಾಗ ಬೈಸಿಕೊಂಡವರು ನಾವು. ಆಮೇಲೆ ಕಮ್ಯುನಿಟಿ ಎಂಬ ಸೌಲಭ್ಯ ಬಂದ ಮೇಲೆ ಅದರ ಪ್ರಕಟಣೆ ಗುಂಪಿಗೆ ಹೋದೆವು. ಅಲ್ಲಿ ಬರೆಯುವವರು ನಿರ್ವಾಹಕರು ಮಾತ್ರ, ಸದಸ್ಯರ ನಂಬರ್ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಗದ್ದಲ ನಿಂತಿತು, ಜೊತೆಗೆ ಆರ್ಡರೂ ಇಳಿಯಿತು. ‘ಹೋದ ವಾರದ ರಸಪುರಿ ಚೆನ್ನಾಗಿತ್ತು, ನಮ್ಮತ್ತೆ ಇನ್ನೊಂದು ಪೆಟ್ಟಿಗೆ ಕೇಳುತ್ತಿದ್ದಾರೆ’ ಎಂದು ಅದೇ ಅಪಾರ್ಟ್‌ಮೆಂಟಿನವರೊಬ್ಬರು ಬರೆಯುವ ಒಂದು ಸಾಲಿಗೆ ನಮ್ಮ ಹತ್ತು ಫೋಟೊಗಳು ಸಮವಲ್ಲ. ಈಗ ಪ್ರಕಟಣೆಗೆ ಕಮ್ಯುನಿಟಿಯನ್ನು ಇಟ್ಟುಕೊಂಡು, ಮಾತುಕತೆಯನ್ನು ಆಯಾ ಅಪಾರ್ಟ್‌ಮೆಂಟಿನ ನಿವಾಸಿಯೊಬ್ಬರು ನಡೆಸುವ ಚಿಕ್ಕ ಗುಂಪುಗಳಿಗೆ ಬಿಟ್ಟಿದ್ದೇವೆ. ದೂರುಗಳೂ ಅಲ್ಲಿಯೇ, ಎಲ್ಲರ ಎದುರಿಗೇ ಬರುತ್ತವೆ. ಮೊದಲು ನನಗೆ ಅದು ಮುಜುಗರವಾಗುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಮಾತು ಕೊಡುವ ವಿಷಯದಲ್ಲಿ. ಎರಡನೆಯ ಹಂಗಾಮಿನ ಮೇ ಕೊನೆಯಲ್ಲಿ 140 ಪೆಟ್ಟಿಗೆ ಬಾದಾಮಿಯನ್ನು ಶನಿವಾರ ಬೆಳಿಗ್ಗೆ ತಲುಪಿಸುತ್ತೇವೆಂದು ಬರೆದೆ. ಕ್ಯಾಟಲಾಗಿನಲ್ಲಿ ಆ ಹಣ್ಣಿನ ಕೆಳಗೆ ‘ತಿನ್ನಲು ಸಿದ್ಧ’ ಎಂದಿತ್ತು. ನಾವು ಕಾರ್ಬೈಡ್ ಬಳಸುವುದಿಲ್ಲ, ಅದಕ್ಕೆ ಕಾನೂನಿನಲ್ಲಿಯೂ ನಿಷೇಧವಿದೆ. ಭತ್ತದ ಹುಲ್ಲಿನಲ್ಲಿ ಅಡೆ ಹಾಕಿದ ಬಾದಾಮಿ ಹಣ್ಣಾಗಲು ಸುಮಾರು ಐದರಿಂದ ಏಳು ದಿನ ಬೇಕು. ಅಂದರೆ ಶನಿವಾರದ ಹಣ್ಣನ್ನು ಹಿಂದಿನ ಭಾನುವಾರವೇ ಕೀಳಬೇಕಿತ್ತು. ಭಾನುವಾರ ನಸುಕಿನಲ್ಲಿ ಮಳೆ ಬಂತು. ನೆನೆದ ಕಾಯಿ ಕಿತ್ತರೆ ಅಡೆಯಲ್ಲಿ ತೊಟ್ಟಿನ ಬಳಿ ಕೊಳೆಯುತ್ತದೆಂದು ಕೊಯ್ಲನ್ನು ಮಂಗಳವಾರಕ್ಕೆ ಹಾಕಿದೆವು. ಆ ಹೊತ್ತಿಗೇ ಶನಿವಾರದ ಮಾತನ್ನು ತಿದ್ದಬೇಕಿತ್ತು. ‘ಮಾತು ಮಾತೇ’ ಎಂಬ ಹಟಕ್ಕೆ ಬಿದ್ದು ಶುಕ್ರವಾರ ರಾತ್ರಿ ಪೆಟ್ಟಿಗೆ ತುಂಬಿಸಿದೆ. ಹಣ್ಣಿನ ಹೆಗಲು ತುಂಬಿತ್ತು, ವಾಸನೆ ಇನ್ನೂ ಬಂದಿರಲಿಲ್ಲ, ಒತ್ತಿದರೆ ಕಲ್ಲಿನಂತಿತ್ತು.

ಶನಿವಾರ ಒಂಬತ್ತು ಗಂಟೆಯೊಳಗೆ ಎಲ್ಲ ಪೆಟ್ಟಿಗೆಗಳೂ ಕಾವಲುಗಾರರ ಮೇಜಿಗೆ ತಲುಪಿದ್ದವು. ಹತ್ತೂವರೆಗೆ ‘ದುಡ್ಡು ಕೊಟ್ಟು ಕಾಯಿ ತರಿಸಿದ ಹಾಗಾಯಿತು’ ಎಂಬ ಮೊದಲ ಸಂದೇಶ ಬಂತು. ಕೆಲವರು ದೋರೆಗಾಯಿಗಳನ್ನು ಹಾಗೆಯೇ ಫ್ರಿಜ್‌ನಲ್ಲಿಟ್ಟರು. ಆ ತಂಪಿನಲ್ಲಿ ಮಾವು ಹಣ್ಣಾಗುವುದಿಲ್ಲ. ಸಿಪ್ಪೆ ಕಪ್ಪಗಾಗುತ್ತದೆ, ಹೊರಗೆ ತೆಗೆದಿಟ್ಟರೂ ಸರಿಯಾಗಿ ಮಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಹೋದ ಟೆಂಪೊ ನಮ್ಮ ಹೆಸರನ್ನು ಉಳಿಸಲಿಲ್ಲ.

ಈಗ ಹಣ್ಣು ಮರದ ಮೇಲಿರುವಾಗ ನಾವು ಆರ್ಡರ್ ತೆರೆಯುವುದಿಲ್ಲ. ಕಾಯಿ ಕಿತ್ತು, ಸೊನೆ ಸೋರಿಸಿ, ನೀರಿನ ತೊಟ್ಟಿಗೆ ಹಾಕಿ ಮುಳುಗಿದವನ್ನು ಮಾತ್ರ ಆರಿಸಿ (ತೇಲುವುದು ಬಲಿಯದ ಕಾಯಿ), ಹುಲ್ಲಿನಲ್ಲಿಟ್ಟ ಮೇಲೆಯೇ ಪ್ರಕಟಣೆ ಹೋಗುತ್ತದೆ. ‘ಮಂಗಳವಾರ ಕಿತ್ತದ್ದು. ಶನಿವಾರ ಅಥವಾ ಭಾನುವಾರ ತಲುಪುತ್ತದೆ. ತಲುಪಿದ ಮೇಲೆ ಎರಡು ದಿನ ಹೊರಗೇ ಇಡಿ, ವಾಸನೆ ಬಂದ ಮೇಲೆ ತಿನ್ನಿ’ ಎಂಬುದು ಅದರ ಒಕ್ಕಣೆ. ಇದನ್ನು ಶೀಘ್ರ ಉತ್ತರಗಳಲ್ಲಿ ಉಳಿಸಿಟ್ಟಿರುವುದರಿಂದ ದಿನ ಬದಲಿಸಿದರೆ ಸಾಕು. ಜೊತೆಗಿನ ಫೋಟೊದಲ್ಲಿ ಕ್ರೇಟಿನ ಮೇಲೆ ಒಂದು ಸ್ಲೇಟು, ಅದರಲ್ಲಿ ಸೀಮೆಸುಣ್ಣದಿಂದ ಬರೆದ ಕೊಯ್ಲಿನ ದಿನಾಂಕ ಮತ್ತು ತೋಟದವರ ಹೆಸರು ಇರುತ್ತದೆ. ಸ್ಲೇಟು ಬಂದದ್ದಕ್ಕೂ ಕಾರಣವಿದೆ: ಹಿಂದಿನ ವರ್ಷದ ಫೋಟೊವನ್ನು ನಾನು ಮತ್ತೆ ಹಾಕಿದ್ದಾಗ, ಅದರಲ್ಲಿದ್ದ ಮುರಿದ ಹಿಡಿಯ ಹಳದಿ ಕ್ರೇಟನ್ನು ಒಬ್ಬ ಗ್ರಾಹಕರು ಗುರುತು ಹಿಡಿದಿದ್ದರು.

ಬಾದಾಮಿಯಲ್ಲಿ ಇನ್ನೊಂದು ತೊಡಕಿದೆ. ಹೊರಗಿನಿಂದ ಅಂದವಾಗಿರುವ ಹಣ್ಣನ್ನು ಕೊಯ್ದರೆ ಓಟೆಯ ಸುತ್ತ ತಿರುಳು ಬಿಳಿಚಿಕೊಂಡು, ಸ್ಪಂಜಿನಂತಾಗಿ ಹುಳಿ ವಾಸನೆ ಬರುವುದುಂಟು. ಇದು ರೋಗವಲ್ಲ, ಹುಳುವಿನದೂ ಅಲ್ಲ. ಆ ತಳಿಯದೇ ದೋಷ, ನೆಲದ ಕಾವಿನಿಂದ ಹೆಚ್ಚುತ್ತದೆ. ತೀರ ಬಲಿಯುವ ಮುನ್ನ ಕಿತ್ತು, ಕಿತ್ತ ಕೂಡಲೇ ನೆರಳಿಗೆ ಸೇರಿಸಿದರೆ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಕತ್ತರಿಸದೆ ಅದನ್ನು ಕಂಡುಹಿಡಿಯಲು ನಮ್ಮ ಶೆಡ್ಡಿನಲ್ಲಿ ದಾರಿಯಿಲ್ಲ ಎಂಬುದನ್ನು ನಾವೀಗ ಮೊದಲೇ ಬರೆದುಬಿಡುತ್ತೇವೆ. ಕೊಯ್ದ ಹಣ್ಣಿನ ಫೋಟೊ ಕಳುಹಿಸಿದರೆ ಅಷ್ಟು ಹಣ್ಣಿನ ಹಣ ಆ ದಿನವೇ ಯುಪಿಐ ಮೂಲಕ ವಾಪಸು ಹೋಗುತ್ತದೆ. ಇದನ್ನು ದುರುಪಯೋಗ ಮಾಡಿಕೊಳ್ಳುತ್ತಾರೆಂದು ನಮ್ಮ ನಿರ್ದೇಶಕರಲ್ಲಿ ಇಬ್ಬರು ಹೆದರಿದ್ದರು. ಒಂದೇ ಫೋಟೊವನ್ನು ಎರಡು ಮನೆಯವರು ಕಳುಹಿಸಿದ್ದು ಒಮ್ಮೆ ನಡೆದಿದೆ. ಇಬ್ಬರಿಗೂ ಹಣ ಕೊಟ್ಟೆವು.

ಆರ್ಡರುಗಳ ಲೆಕ್ಕಕ್ಕೆ ಲೇಬಲ್‌ಗಳು ತಕ್ಕಮಟ್ಟಿಗೆ ಸಾಕು. ‘ಹಣ ಬಂದಿದೆ’, ‘ಪೆಟ್ಟಿಗೆ ಹೋಗಿದೆ’, ‘ದೂರು ಬಾಕಿ’ ಎಂಬ ಮೂರನ್ನು ಬಿಟ್ಟು ಉಳಿದವನ್ನು ನಾನು ಬಳಸಿಲ್ಲ. ಆದರೆ ಒಟ್ಟು ಎಷ್ಟು ಪೆಟ್ಟಿಗೆ, ಯಾವ ಗೇಟಿಗೆ ಎಷ್ಟು ಎಂಬುದನ್ನು ಈ ಆ್ಯಪ್ ಕೂಡಿಸಿ ಕೊಡುವುದಿಲ್ಲ. ಆ ಪಟ್ಟಿಯನ್ನು ಇವತ್ತಿಗೂ ರೂಲ್ ಪುಸ್ತಕದಲ್ಲಿ ಬರೆದು, ಅದರ ಫೋಟೊವನ್ನು ಟೆಂಪೊ ಚಾಲಕನಿಗೆ ಕಳುಹಿಸುತ್ತೇನೆ. ನೂರೈವತ್ತು ಪೆಟ್ಟಿಗೆಯವರೆಗೆ ಇದು ನಡೆಯುತ್ತದೆ. ಅದರಾಚೆಗೆ ಕೈಬರಹ ಸಾಲದು.

ಹೊಸದಾಗಿ ಶುರುಮಾಡುವವರು ನನ್ನಂತೆ ಸ್ವಂತ ನಂಬರಿನಲ್ಲಿ ಖಾತೆ ತೆರೆಯಬಾರದು. ಖಾತೆ ನಿಂತಿರುವುದು ನಂಬರಿನ ಮೇಲೆ, ಗುಂಪಿನ ಹೆಸರಿನ ಮೇಲಲ್ಲ. ಈ ವರ್ಷ ಗುಂಪಿನ ಹೆಸರಿನಲ್ಲಿ ಸಿಮ್ ಪಡೆದು ಖಾತೆಯನ್ನು ಅದಕ್ಕೆ ಬದಲಿಸಿದೆವು. ಆದರೆ ಹೊಸ ನಂಬರನ್ನು ಉಳಿಸಿಕೊಳ್ಳದವರಿಗೆ ಬ್ರಾಡ್‌ಕಾಸ್ಟ್ ತಲುಪದಾದ್ದರಿಂದ, ಪೆಟ್ಟಿಗೆಯೊಳಗೆ ಚೀಟಿ ಇಡುವ ಕೆಲಸ ಮತ್ತೆ ಮೊದಲಿನಿಂದ ಶುರುವಾಗಿದೆ. ರಾತ್ರಿ ಹತ್ತಕ್ಕೆ ನನ್ನ ಹಳೆಯ ನಂಬರಿಗೆ ಕರೆ ಮಾಡಿ, ‘ಅಣ್ಣ, ಮಲ್ಲಿಕಾ ಬಂತಾ?’ ಎಂದು ಕೇಳುವವರು ಇನ್ನೂ ಇದ್ದಾರೆ.